ದೂರದ ತಂಗಿಯ ಮದುವೆಗೆ "ಬರಲಾಗುವುದಿಲ್ಲ" ಎಂದು ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಅಪ್ಪನ ಚಿಕ್ಕಪ್ಪನ ಮಗ ಮುಂಬೈಯಲ್ಲಿದ್ದಾರೆ. ಅವರ ಮಗಳ ಮದುವೆ ಮುಂದಿನ ತಿಂಗಳು ಅಲ್ಲೇ, ಒಂದು ಭಾನುವಾರ. ಮೊನ್ನೆ ಅವರ ಮಗ ಇಮೇಲ್‌ನಲ್ಲಿ ಮದುವೆ ಕಾಗದ ಕಳಿಸಿದ್ದಾನೆ. ಬರುವುದನ್ನು ತಿಳಿಸಿ ಎಂದೂ ಬರೆದಿದ್ದಾನೆ. ಅವರನ್ನೆಲ್ಲ ನೋಡಿ ಹನ್ನೆರಡು ವರ್ಷವಾಯಿತು. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ನನಗೆ ರಜೆಯೂ ಕಷ್ಟ, ರೈಲು ಟಿಕೆಟ್ ಕೂಡ ಇಲ್ಲ. ಉತ್ತರ ಬರೆಯಲು ಕೂತರೆ ಪ್ರತಿ ಸಲ "ಬರಲು ಪ್ರಯತ್ನಿಸುತ್ತೇವೆ" ಅಂತಲೇ ಆಗುತ್ತದೆ. ಅವರಿಗೆ ಬೇಜಾರಾಗದ ಹಾಗೆ ಬರೆಯುವುದು ಹೇಗೆ?
— ಉಡುಪಿಯ ಓದುಗರು

ಉತ್ತರ: ಮೊದಲು "ಬರಲು ಪ್ರಯತ್ನಿಸುತ್ತೇವೆ" ಎಂಬ ಸಾಲನ್ನು ಅಳಿಸಿಬಿಡಿ. ನಿಮ್ಮ ತೊಂದರೆ ಹೆಚ್ಚುಕಮ್ಮಿ ಆ ಒಂದು ಸಾಲಿನಲ್ಲೇ ಇದೆ.

ಆ ಸಾಲು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಮ್ಮ ಕಡೆ ಮದುವೆ ಹೇಳಿಕೆಗೆ ಮನೆಗೆ ಬಂದವರ ಮುಖ ನೋಡಿ ಇಲ್ಲ ಅನ್ನುವ ಕ್ರಮ ಇಲ್ಲ. ಕಾಗದ ಕೈಯಲ್ಲಿ ಹಿಡಿದುಕೊಂಡು "ಆಯ್ತು, ನೋಡುವ" ಅನ್ನುತ್ತೇವೆ. ಕೇಳಿದವರಿಗೆ ಅರ್ಥವಾಗುತ್ತದೆ. ಉತ್ಸಾಹದಿಂದ ಹೇಳಿದರೆ ಬರುತ್ತಾರೆ ಅಂತ, ಸ್ವರ ಇಳಿಸಿ ತಾರೀಕು ಎರಡೆರಡು ಸಲ ನೋಡಿ ಹೇಳಿದರೆ ಇವರು ಬರುವವರಲ್ಲ ಅಂತ. ಅವರು ಆಸ್ರಿಗೆ ಕುಡಿದು, ಗೇಟು ದಾಟುವ ಮೊದಲೇ ನಿಮ್ಮನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ಯಾರಿಗೂ ಬೇಜಾರಿಲ್ಲ. ಆದರೆ ಇಮೇಲ್‌ಗೆ ಸ್ವರ ಇಲ್ಲವಲ್ಲ. ಅಲ್ಲಿ "ನೋಡುವ" ಎಂದು ಬರೆದರೆ ಓದುವವರಿಗೆ ಕಾಣುವುದು ಅಕ್ಷರ ಮಾತ್ರ.

ನನ್ನ ಮಗಳ ಮದುವೆಯಲ್ಲಿ ಇದನ್ನು ನಾನೇ ಅನುಭವಿಸಿದ್ದೇನೆ. ಮದುವೆ ಮಂಗಳೂರಿನ ಒಂದು ಹಾಲ್‌ನಲ್ಲಿ. ಹತ್ತಿರದವರ ಮನೆಗೆ ಹೋಗಿ ಹೇಳಿದೆವು, ಪರವೂರಿನವರಿಗೆ ಇಮೇಲ್ ಮಾಡಿದೆವು. ಬಂದ ಉತ್ತರಗಳನ್ನು ನನ್ನ ಹೆಂಡತಿ ಮಕ್ಕಳ ಹಳೇ ನೋಟ್ ಪುಸ್ತಕದಲ್ಲಿ ಮೂರು ಸಾಲು ಮಾಡಿ ಬರೆದುಕೊಂಡಳು. ಬರುವವರು, ಬಾರದವರು, ನಡುವಿನವರು. ನಡುವಿನ ಸಾಲೇ ಉದ್ದವಾಯಿತು. ಮೂರು ದಿನ ಇರುವಾಗ ಅಡುಗೆಯವರು ಎಲೆ ಎಷ್ಟು ಅಂತ ಕೇಳಿದರು. ನಡುವಿನ ಸಾಲಿನಲ್ಲಿ 31 ಜನ ಇದ್ದರು. ಊಟಕ್ಕೆ ಕಡಿಮೆಯಾಗಬಾರದಲ್ವಾ, ಅಷ್ಟೂ ಜನರನ್ನು ಬರುವವರಿಗೆ ಸೇರಿಸಿದೆವು. ಬಂದದ್ದು ನಾಲ್ಕು ಮಂದಿ. ಎಲೆಯ ದುಡ್ಡು ಹೋಗಲಿ, ಪ್ರಯತ್ನ ಮಾಡ್ತೇವೆ ಎಂದ ಒಂದು ಕುಟುಂಬಕ್ಕಾಗಿ ಲಾಡ್ಜ್‌ನಲ್ಲಿ ಎರಡು ರೂಮು ಹಿಡಿದಿಟ್ಟು, ರಾತ್ರಿ ಹತ್ತರವರೆಗೆ ಅವರ ಫೋನ್ ಕಾದೆವು. ಬಾರದವರ ಸಾಲಿನಲ್ಲಿ ಯಾರಿದ್ದರು ಅಂತ ಈಗ ನನಗೆ ನೆನಪೇ ಇಲ್ಲ. ಆ ಎರಡು ರೂಮಿನವರು ಮಾತ್ರ ಚೆನ್ನಾಗಿ ನೆನಪಿದ್ದಾರೆ.

ಇನ್ನೂ ಒಂದು ವಿಷಯ ಇದೆ. ನಾನು ಉಡುಪಿಯ ಒಂದು ಪ್ರೆಸ್ಸಿನಲ್ಲಿ 28 ವರ್ಷ ಮದುವೆ ಕಾಗದಗಳ ಪ್ರೂಫ್ ನೋಡಿದವ. ಆ ಕಾಗದಗಳಲ್ಲಿ "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ" ಅಂತ ಇರುತ್ತದೆ, "ಉತ್ತರ ಬರೆಯಿರಿ" ಅಂತ ಇರುವುದಿಲ್ಲ. ನಮ್ಮಲ್ಲಿ ಕಾಗದಕ್ಕೆ ಉತ್ತರ ಅಂದರೆ ಆ ದಿನ ಹೋಗುವುದು ಅಥವಾ ಹೋಗದೇ ಇರುವುದು, ಅಷ್ಟೇ. ಬಾರದಿರುವವರು ಕಾಗದ ಬರೆದು ತಿಳಿಸುವುದು ನಮ್ಮ ಅಜ್ಜ ಅಜ್ಜಿ ಕಂಡ ಪದ್ಧತಿಯೇ ಅಲ್ಲ. ಹಾಗಾಗಿ ಅದಕ್ಕೆ ಸಿದ್ಧ ಮಾತುಗಳೂ ಇಲ್ಲ. ಕರೆಯುವುದಕ್ಕೆ ಹತ್ತು ನಮೂನೆಯ ಒಕ್ಕಣೆ ಇದೆ, ಬರಲಾಗುವುದಿಲ್ಲ ಅನ್ನುವುದಕ್ಕೆ ಒಂದೂ ಇಲ್ಲ. ನೀವು ಬರೆಯಲು ಕೂತು ತಡವರಿಸಿದ್ದು ನಿಮ್ಮ ತಪ್ಪಲ್ಲ.

ಈಗ ಕೆಲಸಕ್ಕೆ ಬರೋಣ. ಇಡೀ ಪತ್ರದಲ್ಲಿ ಒಂದೇ ಒಂದು ಕ್ರಿಯಾಪದ ಸರಿ ಬಿದ್ದರೆ ಅರ್ಧ ಕೆಲಸ ಮುಗಿಯಿತು.

"ನಾವು ಬರುವುದಿಲ್ಲ" ಎಂದು ಬರೆದರೆ ಮನಸ್ಸಿಲ್ಲ ಎಂಬ ಅರ್ಥ ಬರುತ್ತದೆ. ಇದು ಜಗಳವಾದವರು ಬರೆಯುವ ಮಾತು. "ನಮಗೆ ಬರಲಾಗುವುದಿಲ್ಲ" ಎಂದರೆ ಮನಸ್ಸಿದೆ, ಆಗುತ್ತಿಲ್ಲ. "ನಾವು" ಹೋಗಿ "ನಮಗೆ" ಆದಾಗಲೇ ತಪ್ಪು ನಿಮ್ಮದಲ್ಲ, ಪರಿಸ್ಥಿತಿಯದ್ದು ಎಂದಾಗುತ್ತದೆ. ಕನ್ನಡದಲ್ಲಿ ಈ ಸೌಕರ್ಯ ಇರುವಾಗ ಬಳಸಿಕೊಳ್ಳಬೇಕು. "ಬರಲಾರೆವು" ಎಂದರೂ ಅರ್ಥ ಅದೇ. ಆದರೆ ಇಮೇಲ್‌ನಲ್ಲಿ ಅದು ಯಕ್ಷಗಾನದ ಅರ್ಥಗಾರಿಕೆಯ ಹಾಗೆ ಕೇಳುತ್ತದೆ.

ನಮ್ಮ ಜಿಲ್ಲೆಗಳವರು ವಿಶೇಷವಾಗಿ ಜಾಗ್ರತೆ ಮಾಡಬೇಕಾದದ್ದು "ಬರಲಿಕ್ಕಿಲ್ಲ" ಎಂಬ ಪದದಲ್ಲಿ. ಮಾತಿನಲ್ಲಿ ಅದು ಸಲೀಸಾಗಿ ನಾಲಿಗೆಗೆ ಬರುತ್ತದೆ. "ಇವತ್ತು ಮಳೆ ಬರ್ಲಿಕ್ಕಿಲ್ಲ" ಅಂದರೆ ಬಹುಶಃ ಬಾರದು ಅಂತ. ಅದು ಅಂದಾಜು. "ನಾವು ಮದುವೆಗೆ ಬರಲಿಕ್ಕಿಲ್ಲ" ಎಂದು ಬರೆದರೆ ನೀವು ಬಾರದವರ ಸಾಲಿಗೆ ಹೋಗುವುದಿಲ್ಲ, ಮತ್ತೆ ನಡುವಿನ ಸಾಲಿಗೇ ಬೀಳುತ್ತೀರಿ. "ಬರಲಿಕ್ಕೆ ಆಗುವುದಿಲ್ಲ" ಎಂದರೆ ಮಾತ್ರ ಗಟ್ಟಿ. ನಡುವೆ ಆ "ಆಗುವುದು" ಇರಲೇಬೇಕು. "ಬಹುಶಃ", "ಸಾಧ್ಯವಾದರೆ", "ಈಗಿನ ಮಟ್ಟಿಗೆ" ಇವನ್ನೆಲ್ಲ ಹುಡುಕಿ ತೆಗೆಯಿರಿ. ಬರೆದಾದ ಮೇಲೆ ಪತ್ರವನ್ನು ಮನೆಯಲ್ಲಿ ಇನ್ನೊಬ್ಬರಿಗೆ ಓದಲು ಕೊಡಿ, "ನಮಗೆ ಎಷ್ಟು ಎಲೆ ಹಾಕಬೇಕು?" ಅಂತ ಕೇಳಿ. ತಡವರಿಸದೆ "ಒಂದೂ ಬೇಡ" ಎಂದರೆ ಪತ್ರ ಸರಿಯಿದೆ. ಸ್ವಲ್ಪ ಯೋಚಿಸಿದರೆ ಸರಿಯಿಲ್ಲ.

ಇನ್ನು ಸಂಬಂಧದ ಮಾತು. ನೀವು ದೂರದ ಸಂಬಂಧ ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಆದರೆ ಬೆರಳು ಮಡಚಿ ಲೆಕ್ಕ ಹಾಕಿ. ಅಪ್ಪನ ಚಿಕ್ಕಪ್ಪನ ಮಗ ಅಂದರೆ ನಿಮ್ಮ ಅಪ್ಪನಿಗೆ ತಮ್ಮ, ಅಂದರೆ ನಿಮಗೆ ಚಿಕ್ಕಪ್ಪ. (ಅಪ್ಪನಿಗಿಂತ ದೊಡ್ಡವರಾದರೆ ದೊಡ್ಡಪ್ಪ. ಚಿಕ್ಕವರು ಅಂದುಕೊಂಡು ಮುಂದೆ ಹೋಗುತ್ತೇನೆ.) ಅವರ ಮಗಳು ನಿಮಗೆ ತಂಗಿ, ಇಮೇಲ್ ಕಳಿಸಿದ ಹುಡುಗ ತಮ್ಮ. ಕಸಿನ್ ಎಂದು ಅರ್ಧ ಮಾರು ದೂರ ನಿಲ್ಲಿಸುವ ಪದ ನಮ್ಮಲ್ಲಿಲ್ಲ. ಹನ್ನೆರಡು ವರ್ಷ ನೋಡದಿದ್ದರೂ ತಂಗಿ ತಂಗಿಯೇ. ಈ ಪದಗಳನ್ನು ಪತ್ರದಲ್ಲಿ ಧೈರ್ಯವಾಗಿ ಬಳಸಿ. ನಿಮ್ಮ ಪತ್ರದಲ್ಲಿ ಸಂಬಂಧವನ್ನು ಉಳಿಸುವ ಕೆಲಸವನ್ನು ಆ ಪದಗಳೇ ಮಾಡುತ್ತವೆ, ಅದಕ್ಕಾಗಿ ಉದ್ದುದ್ದ ವಾಕ್ಯ ಬೇಡ. "ಅಂಕಲ್, ಆಂಟಿ" ಎಂದು ಬರೆದರೆ ಮುಗಿಯಿತು, ಬರಲಾಗುವುದಿಲ್ಲ ಎಂಬುದರ ಜೊತೆಗೆ ಬೇರೆಯವರು ಎಂಬುದನ್ನೂ ಹೇಳಿದ ಹಾಗೆ.

ಯಾರ ಹೆಸರಿಗೆ ಬರೆಯಬೇಕು? ಇಮೇಲ್ ಬಂದದ್ದು ತಮ್ಮನಿಂದ. ಆದರೆ ಕಾಗದವನ್ನು ತೆರೆದು ಕೆಳಗಿನ ಬಲಮೂಲೆ ನೋಡಿ. ಅಲ್ಲಿ ಆಗಮನಾಭಿಲಾಷಿಗಳು ಎಂದು ಚಿಕ್ಕಪ್ಪ, ಚಿಕ್ಕಮ್ಮನ ಹೆಸರು ಇರುತ್ತದೆ. ಕರೆದವರು ಅವರು, ತಮ್ಮ ಬರೀ ಅಂಚೆಯವ. ಹಾಗಾಗಿ ಉತ್ತರ ಚಿಕ್ಕಪ್ಪ, ಚಿಕ್ಕಮ್ಮನಿಗೆ, ಕೊನೆಯಲ್ಲಿ ತಮ್ಮನಿಗೆ ಒಂದು ಸಾಲು. ಅವನು ಹೇಗೂ ಅಪ್ಪ ಅಮ್ಮನಿಗೆ ಅದನ್ನು ಓದಿ ಹೇಳುತ್ತಾನೆ. ತಮ್ಮನಿಗೆ ಮಾತ್ರ ಬರೆದರೆ ಅದು ಅಲ್ಲಿಗೆ ತಲುಪುವಾಗ "ಉಡುಪಿಯವರು ಬರುದಿಲ್ಲಂತೆ" ಎಂದಾಗಿರುತ್ತದೆ. ನೀವು ಕಷ್ಟಪಟ್ಟು ಹಾಕಿದ "ಆಗುವುದು" ದಾರಿಯಲ್ಲೇ ಬಿದ್ದುಹೋಗಿರುತ್ತದೆ.

ಆಶೀರ್ವಾದದ ವಿಷಯದಲ್ಲಿ ಜನ ತುಂಬ ಎಡವುತ್ತಾರೆ. ಹಳೇ ಕಾಗದಗಳಲ್ಲಿ ಇದು ಖಚಿತವಾಗಿತ್ತು. ಹಿರಿಯರು ಕಿರಿಯರಿಗೆ "ಮಾಡುವ ಆಶೀರ್ವಾದಗಳು" ಎಂದು ಬರೆಯುತ್ತಿದ್ದರು, ಕಿರಿಯರು ಹಿರಿಯರಿಗೆ "ಬೇಡುವ ಆಶೀರ್ವಾದಗಳು" ಎಂದು. ಈಗ ಆ ಒಕ್ಕಣೆ ಬೇಕಾಗಿಲ್ಲ. ಆದರೆ ದಿಕ್ಕು ತಪ್ಪಬಾರದು. ನೀವು ಚಿಕ್ಕಪ್ಪನಿಗೆ ಕಿರಿಯರು, ಅಲ್ಲಿಗೆ ನಮಸ್ಕಾರ. ತಂಗಿಗೆ ಅಕ್ಕ, ಅಲ್ಲಿಗೆ ಆಶೀರ್ವಾದ. "ನಿಮಗೆಲ್ಲ ನಮ್ಮ ಆಶೀರ್ವಾದಗಳು" ಎಂದು ಒಟ್ಟಿಗೆ ಬರೆದುಬಿಟ್ಟರೆ ಎಪ್ಪತ್ತರ ಹತ್ತಿರದ ಚಿಕ್ಕಪ್ಪನನ್ನೂ ಹರಸಿದ ಹಾಗಾಗುತ್ತದೆ.

ಈಗ ಕಾರಣ. ನೀವು ಮೂರು ಕೊಟ್ಟಿದ್ದೀರಿ. ಅತ್ತೆ, ರಜೆ, ರೈಲು. ಮೂರೂ ಸುಳ್ಳಲ್ಲ, ಆದರೆ ಮೂರನ್ನೂ ಬರೆಯಬೇಡಿ. ಕಾರಣ ಜಾಸ್ತಿಯಾದಷ್ಟೂ ಪತ್ರ ದುರ್ಬಲವಾಗುತ್ತದೆ. ಯಾಕೆಂದರೆ ಕರೆದವರಿಗೆ ಬಿಡಿಸಲು ಬರುವ ಕಾರಣ ಕಾರಣವೇ ಅಲ್ಲ. ಟಿಕೆಟ್ ಇಲ್ಲ ಎಂದು ಬರೆಯಿರಿ, ಮರುದಿನ ತಮ್ಮನಿಂದ ಉತ್ತರ: "ಅಕ್ಕ, ಮತ್ಸ್ಯಗಂಧದಲ್ಲಿ ನಾನು ತತ್ಕಾಲ್ ಮಾಡಿಸ್ತೇನೆ, ನೀವು ಹೊರಟರೆ ಸಾಕು." ರಜೆ ಇಲ್ಲ ಎಂದು ಬರೆಯಿರಿ, ಚಿಕ್ಕಮ್ಮ ಹೇಳುತ್ತಾರೆ: "ಭಾನುವಾರವೇ ಅಲ್ವಾ ಮದುವೆ, ಒಂದು ದಿನ ರಜೆ ಹಾಕು." ಆಗ ನೀವು ಎರಡನೇ ಸಲ ಇಲ್ಲ ಅನ್ನಬೇಕು. ಮೊದಲನೆಯದು ಮರ್ಯಾದೆಯ ಮಾತು, ಎರಡನೆಯದು ಬೇಜಾರಿಗೆ ದಾರಿ. ಮುಂಬೈಯವರಿಗಂತೂ ಊರಿನ ರೈಲು ಬಾಯಿಪಾಠ. ಯಾವುದರಲ್ಲಿ ಸೀಟು ಇದೆ ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಅತ್ತೆಯವರ ಕಾರಣ ಒಂದೇ ಸಾಕು. ಅದನ್ನು ಅಲ್ಲಿಂದ ಯಾರೂ ಬಿಡಿಸಲಾರರು. ಅದರಲ್ಲೂ ಕಾಯಿಲೆಯ ವಿವರ, ಮಾತ್ರೆಯ ಹೆಸರು, ಡಾಕ್ಟರು ಹೇಳಿದ್ದು ಇವೆಲ್ಲ ಬೇಡ. "ಅತ್ತೆಯವರನ್ನು ಬಿಟ್ಟು ಊರು ದಾಟುವ ಹಾಗಿಲ್ಲ" ಎಂದರೆ ನಮ್ಮ ಕಡೆಯ ಯಾರಿಗೂ ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ಒಂದು ಸಣ್ಣ ಬಿರುಕು ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಮನೆಗೊಬ್ಬರು ಹೋದರೆ ಮರ್ಯಾದೆ ಉಳಿಯಿತು ಎಂಬ ಲೆಕ್ಕ ಇದೆಯಲ್ಲ. "ಹಾಗಾದರೆ ಅಳಿಯನನ್ನಾದರೂ ಕಳಿಸು" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಪತ್ರದಲ್ಲೇ ಉತ್ತರ ಇರಲಿ. ಕಾಗದದಲ್ಲಿ ಸಕುಟುಂಬ ಎಂದು ಕರೆದಿದ್ದಾರೆ, ನೀವು ಸಕುಟುಂಬವಾಗಿಯೇ ಉತ್ತರ ಕೊಡಿ. ಬರೀ "ನಮಗೆ" ಎಂದರೆ ಅದರೊಳಗೆ ಯಾರ್ಯಾರು ಎಂದು ಗೊತ್ತಾಗುವುದಿಲ್ಲ. ನಾನು, ಇವರು, ಮಕ್ಕಳು ಎಂದು ಬಿಡಿಸಿ ಹೇಳಿ. ಆದರೆ ನಿಮ್ಮ ಅಣ್ಣನೋ ತಮ್ಮನೋ ಬೇರೆ ಮನೆ ಮಾಡಿದ್ದರೆ ಅವರ ಪರವಾಗಿ ಉತ್ತರ ಕೊಡಬೇಡಿ. ಅವರು ಹೊರಡುವವರಿರಬಹುದು.

ಸುಳ್ಳು ಕಾರಣ ಹೇಳಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ ಜನ. ನನ್ನ ಅಭಿಪ್ರಾಯ ಬೇಡ ಅಂತ. ಪಾಪಪುಣ್ಯದ ಮಾತಲ್ಲ, ಅದು ಉಳಿಯುವುದಿಲ್ಲ. ಆ ಭಾನುವಾರ ಮಂಗಳೂರಿನಲ್ಲಿ ಇನ್ನೊಂದು ಮದುವೆಗೆ ನೀವು ಹೋಗಿರುತ್ತೀರಿ, ಅಲ್ಲಿ ಯಾರೋ ಒಬ್ಬರು ಫೋಟೊ ತೆಗೆದು ಸ್ಟೇಟಸ್ ಹಾಕಿರುತ್ತಾರೆ, ಆ ಸ್ಟೇಟಸ್ ನೋಡುವವರಲ್ಲಿ ಮುಂಬೈ ಚಿಕ್ಕಮ್ಮನ ತಂಗಿ ಇರುತ್ತಾಳೆ. ಕಾಯಿಲೆಯ ಸುಳ್ಳಂತೂ ಬೇಡವೇ ಬೇಡ. ಇಲ್ಲದ ಜ್ವರವನ್ನು ಮದುವೆ ಮನೆಗೆ ಬರೆದು ಕಳಿಸುವುದು ನಮ್ಮ ಹಿರಿಯರಿಗೆ ಆಗಿಬರುವ ಮಾತಲ್ಲ.

ಇದೇ ಜಾತಿಯ ಇನ್ನೊಂದು ಎಚ್ಚರ. ನಿಮಗೆ ಸಂಬಂಧಪಟ್ಟದ್ದಲ್ಲ, ಆದರೆ ಈ ಉತ್ತರವನ್ನು ಬೇರೆಯವರೂ ಓದುತ್ತಾರೆ. ಕಾರಣ ಸೂತಕವೋ, ವರ್ಷಾಂತಿಕವೋ ಆಗಿದ್ದರೆ ಮದುವೆಯ ಉತ್ತರದಲ್ಲಿ ಆ ಪದ ಬರೆಯಬೇಡಿ. ಮಂಗಳ ಕಾರ್ಯದ ಕಾಗದದ ಕೆಳಗೇ ಸಾವಿನ ಮಾತು ಕೂರುವುದು ಎಷ್ಟೋ ಮನೆಗಳಲ್ಲಿ ಹಿಡಿಸುವುದಿಲ್ಲ. ಪತ್ರದಲ್ಲಿ "ಆ ದಿನ ಮನೆಯಲ್ಲಿ ತಪ್ಪಿಸಲಾಗದ ಕಾರ್ಯ ಇದೆ" ಎಂದಷ್ಟೇ ಹಾಕಿ. ಸಂಗತಿಯನ್ನು ಆ ಮನೆಯ ಹಿರಿಯರೊಬ್ಬರಿಗೆ ಫೋನಿನಲ್ಲಿ ಹೇಳಿದರಾಯಿತು. ಅದೇ ದಿನ ಇನ್ನೊಂದು ಮದುವೆ ಇದ್ದರೆ ಮುಚ್ಚಿಡಬೇಕಾಗಿಲ್ಲ. ಆಟಿಯಲ್ಲಿ ಮದುವೆ ಇಲ್ಲ, ಧನುವಿನಲ್ಲಿ ಇಲ್ಲ, ಉಳಿದ ತಿಂಗಳಲ್ಲಿ ಒಳ್ಳೇ ಮುಹೂರ್ತ ಬಿದ್ದ ದಿನ ಎಲ್ಲ ಹಾಲ್ ಭರ್ತಿ. ಇದು ಎಲ್ಲರಿಗೂ ಗೊತ್ತು. "ಅಂದೇ ನಮ್ಮ ನಾದಿನಿಯ ಮದುವೆ ಬಿದ್ದಿದೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ಮದುವೆ ಇವರದ್ದಕ್ಕಿಂತ ಹತ್ತಿರದ್ದಾಗಿರಬೇಕು. ಆಫೀಸಿನ ಸಹೋದ್ಯೋಗಿಯ ಮದುವೆ ಅಂತ ತಂಗಿಯ ಮದುವೆಗೆ ಬರೆಯುವ ಹಾಗಿಲ್ಲ.

ನಿಮ್ಮ ಪತ್ರ ನಾನು ಬರೆದರೆ ಹೀಗಿರುತ್ತದೆ. ಹೆಸರುಗಳನ್ನು ಬಿಟ್ಟಿದ್ದೇನೆ, "ತಂಗಿ" ಎಂದಿರುವಲ್ಲಿ ಹೆಸರು ಸೇರಿಸಿಕೊಳ್ಳಿ.

> ಪ್ರೀತಿಯ ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮಸ್ಕಾರಗಳು.
>
> ತಂಗಿಯ ಮದುವೆ ಕಾಗದ ತಲುಪಿತು. ಓದಿ ತುಂಬಾ ಸಂತೋಷವಾಯಿತು. ಅತ್ತೆಗೂ ಓದಿ ಹೇಳಿದೆ. ತಂಗಿಯನ್ನು ಕೊನೆಗೆ ನೋಡಿದ್ದು ಅವಳು ಶಾಲೆಗೆ ಹೋಗುವಾಗ, ಈಗ ಮದುಮಗಳು.
>
> ಮದುವೆಗೆ ನಮಗೆ ಬರಲಾಗುವುದಿಲ್ಲ. ಅತ್ತೆಯವರನ್ನು ಬಿಟ್ಟು ಊರು ದಾಟುವ ಹಾಗಿಲ್ಲ. ನಾನು, ಇವರು, ಮಕ್ಕಳಿಬ್ಬರು, ನಾಲ್ವರನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಬೇಜಾರು ಮಾಡಿಕೊಳ್ಳಬೇಡಿ.
>
> ತಂಗಿಗೂ ಮದುಮಗನಿಗೂ ನಮ್ಮ ಆಶೀರ್ವಾದಗಳು. ಮದುವೆ ಸಾಂಗವಾಗಿ ನಡೆಯಲಿ. ಊರಿಗೆ ಬಂದಾಗ ಇಬ್ಬರೂ ನಮ್ಮಲ್ಲಿಗೆ ಊಟಕ್ಕೆ ಬರಬೇಕು.
>
> ತಮ್ಮಾ, ನೆನಪಿಟ್ಟು ಕಳಿಸಿದ್ದಕ್ಕೆ ಖುಷಿಯಾಯಿತು. ಇದನ್ನು ಚಿಕ್ಕಪ್ಪ, ಚಿಕ್ಕಮ್ಮನಿಗೆ ಓದಿ ಹೇಳು.
>
> ನಿಮ್ಮ,
> (ನಿಮ್ಮ ಹೆಸರು), (ಅಪ್ಪನ ಹೆಸರು) ಅವರ ಮಗಳು, ಉಡುಪಿ

ಇಷ್ಟೇ. ಇದಕ್ಕಿಂತ ಉದ್ದ ಬೇಡ. ಮದುವೆ ಮನೆಯಲ್ಲಿ ಫೋನಿನಲ್ಲಿ ಓದುವವರಿಗೆ ಒಂದು ಪರದೆಯೊಳಗೆ ಮುಗಿಯಬೇಕು.

ಕೆಲವನ್ನು ಬೇಕಂತಲೇ ಹಾಗೆ ಬರೆದೆ. ಮೊದಲ ಪ್ಯಾರಾದಲ್ಲಿ ಇಲ್ಲ ಎಂಬ ಪದವೇ ಬರುವುದಿಲ್ಲ. ಸಂತೋಷ ಮೊದಲು, ಆಮೇಲೆ ವಿಷಯ. ಆದರೆ ವಿಷಯವನ್ನು ಕೊನೆಯವರೆಗೂ ಎಳೆಯಲಿಲ್ಲ, ಎರಡನೇ ಪ್ಯಾರಾದ ಮೊದಲ ವಾಕ್ಯದಲ್ಲೇ ಇಟ್ಟೆ. ಕೊನೆಯಲ್ಲಿ ಇಟ್ಟರೆ ಮೊದಲಿನ ಸಂತೋಷವೆಲ್ಲ ಪೀಠಿಕೆಯ ಹಾಗೆ ಕಾಣುತ್ತದೆ. ಆ ವಾಕ್ಯದ ಹಿಂದೆ "ಆದರೆ" ಹಾಕಿಲ್ಲ ನೋಡಿ. "ತುಂಬಾ ಸಂತೋಷವಾಯಿತು, ಆದರೆ" ಎಂದ ಕೂಡಲೇ ಓದುವವರಿಗೆ ಸಂತೋಷ ಮರೆತುಹೋಗುತ್ತದೆ. ಪ್ಯಾರಾ ಬದಲಾದರೆ ಸಾಕು.

ಶಾಲೆಗೆ ಹೋಗುವಾಗ ನೋಡಿದ್ದು ಎಂಬ ಸಾಲು ನಿಮಗಾಗಿ ನಾನು ಊಹಿಸಿದ್ದು. ನಿಮಗೆ ನೆನಪಿರುವ ಬೇರೆ ಯಾವುದಾದರೂ ಇದ್ದರೆ ಅದನ್ನು ಹಾಕಿ, ಕುಟುಂಬದ ಮನೆಯ ನೇಮದಲ್ಲಿ ಅವಳು ನಿದ್ದೆಗಣ್ಣಲ್ಲಿ ಕೂತದ್ದೋ, ಏನೋ ಒಂದು. ಅದು ನಿಜವಾದದ್ದಾಗಿರಬೇಕು, ಅಷ್ಟೇ. ಹನ್ನೆರಡು ವರ್ಷ ನೋಡಿಲ್ಲ ಎಂಬುದನ್ನು ಮುಚ್ಚಿಡುವ ಬದಲು ಹೀಗೆ ಹೇಳಿದರೆ ಅದು ದೂರಾಗುವುದಿಲ್ಲ. "ಇಷ್ಟು ವರ್ಷದ ಮೇಲೆ ನಮ್ಮ ನೆನಪಾಯಿತಲ್ಲ" ಎಂದು ಬರೆದರೆ ಅದೇ ಸಂಗತಿ ಕೊಂಕಾಗುತ್ತದೆ. ಹಾಗೆಯೇ "ಇಮೇಲ್‌ನಲ್ಲಿ ಕರೆದರೂ ಪರವಾಗಿಲ್ಲ" ಎಂಬ ಧಾಟಿ ಎಲ್ಲೂ ಇಣುಕಬಾರದು. ನಮ್ಮ ಹಿರಿಯರಿಗೆ ಮನೆಗೆ ಬಂದು ಹೇಳದಿದ್ದರೆ ಹೇಳಿಕೆಯೇ ಅಲ್ಲ, ನನಗೆ ಗೊತ್ತು. ಆದರೆ ಅವರ ಕಾಗದದಲ್ಲಿ ಎಲ್ಲೋ ಒಂದು ಕಡೆ "ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಿ" ಎಂಬ ಸಾಲು ಇರುವ ಸಾಧ್ಯತೆ ಹೆಚ್ಚು. ನಾನು ಸಾವಿರಾರು ಕಾಗದಗಳಲ್ಲಿ ಆ ಸಾಲಿನ ಕಾಗುಣಿತ ತಿದ್ದಿದ್ದೇನೆ. ಅವರು ಭಾವಿಸಿ ಎಂದಿದ್ದಾರೆ, ಭಾವಿಸಿ.

"ಕ್ಷಮಿಸಿ" ಹಾಕಿಲ್ಲ. ಅತ್ತೆಯನ್ನು ನೋಡಿಕೊಳ್ಳುವುದು ಕ್ಷಮೆ ಕೇಳುವ ತಪ್ಪಲ್ಲ. "ಬೇಜಾರು ಮಾಡಿಕೊಳ್ಳಬೇಡಿ" ಒಂದು ಸಲ ಬಂದರೆ ಹಿತ. ಮೂರು ಸಲ ಬಂದರೆ ಮದುವೆ ಕೆಲಸದ ನಡುವೆ ಚಿಕ್ಕಮ್ಮ ಫೋನ್ ಮಾಡಿ ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ.

ಊಟಕ್ಕೆ ಬರಬೇಕು ಎಂದದ್ದನ್ನು ಸುಮ್ನೆ ಮಾತಿಗೆ ಹಾಕಿಲ್ಲ. ಹೊಸ ಮದುಮಕ್ಕಳನ್ನು ಕರೆದು ಸಮ್ಮಾನ ಮಾಡುವ ಕ್ರಮ ನಮ್ಮಲ್ಲಿ ಇದ್ದೇ ಇದೆ, ತುಳುವಿನಲ್ಲಿ ತಮ್ಮನ ಅನ್ನುತ್ತೇವಲ್ಲ, ಅದೇ. ಮುಂಬೈಯಲ್ಲಿ ಮದುವೆಯಾದವರು ಸಾಮಾನ್ಯವಾಗಿ ಒಂದು ಸಲ ಊರಿನ ದೇವಸ್ಥಾನಕ್ಕೆ, ಕುಟುಂಬದ ಮನೆಗೆ ಬರುತ್ತಾರೆ. ಮದುವೆಗೆ ಹೋಗಲಾಗದ ಬಾಕಿಯನ್ನು ಆಗ ತೀರಿಸಲು ಇದೇ ದಾರಿ. ಆದರೆ ನಿಮಗೆ ನಿಜವಾಗಿ ಕರೆಯುವ ಮನಸ್ಸಿಲ್ಲದಿದ್ದರೆ ಆ ಸಾಲು ತೆಗೆಯಿರಿ. ಅವರು ಬಂದಾಗ ನೀವು ಮತ್ತೆ ಇಲ್ಲ ಅನ್ನುವ ಸ್ಥಿತಿ ಬಂದರೆ ಈ ಪತ್ರವೂ ಹಾಳಾಗುತ್ತದೆ.

ಸಹಿಯಲ್ಲಿ ಅಪ್ಪನ ಹೆಸರು ಹಾಕಲು ಮರೆಯಬೇಡಿ. ನಿಮ್ಮ ಇಮೇಲ್ ವಿಳಾಸದಲ್ಲಿ ಇರುವುದು ಬರೀ ನಿಮ್ಮ ಹೆಸರು ಮತ್ತು ಒಂದೆರಡು ಅಂಕಿ. ತಮ್ಮ ಅದನ್ನು ಓದಿ ಹೇಳುವಾಗ ಚಿಕ್ಕಪ್ಪ ಕೇಳುವ ಮೊದಲ ಪ್ರಶ್ನೆ "ಯಾರ ಮಗಳು?" ಅಂತ.

ಕಳಿಸುವ ಮೊದಲು ವಿಳಾಸದ ಸಾಲು ನೋಡಿ. ಇಂಥ ಕಾಗದಗಳನ್ನು ಹುಡುಗರು ಒಂದೇ ಸಲಕ್ಕೆ ಇಡೀ ಬಳಗಕ್ಕೆ ಕಳಿಸಿರುತ್ತಾರೆ. ಎಲ್ಲರ ವಿಳಾಸವೂ ಮೇಲೆ ಸಾಲಾಗಿ ಕಾಣುತ್ತಿದ್ದರೆ `Reply all` ಒತ್ತಬೇಡಿ, `Reply` ಮಾತ್ರ. ತಪ್ಪಿ ಎಲ್ಲರಿಗೂ ಹೋದರೆ ಎರಡು ತೊಂದರೆ. ಒಂದು, ನಿಮ್ಮ ಅತ್ತೆಯ ವಿಷಯ ಬಳಗಕ್ಕೆಲ್ಲ ಹೋಗಿ ಸಂಜೆಯೊಳಗೆ ಹತ್ತು ಫೋನ್. ಎರಡು, ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು "ನಮಗೂ ಆಗುವುದಿಲ್ಲ" ಎಂದು ಅದರ ಕೆಳಗೇ ಬರೆಯುತ್ತಾರೆ. ಮದುವೆ ಮನೆಯವರಿಗೆ ಅದು ಬಹಿಷ್ಕಾರದ ಹಾಗೆ ಕಾಣುತ್ತದೆ. ನೀವು ಜಿಮೇಲ್ ಬಳಸುವವರಾದರೆ ಕಂಪ್ಯೂಟರಿನಲ್ಲಿ `Settings` ಒಳಗೆ `Undo Send` ಎಂಬುದನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. ಒತ್ತಿದ ಮೇಲೆ ಅಷ್ಟು ಹೊತ್ತು ವಾಪಸ್ ಕರೆಯಬಹುದು. ಅದರ ನಂತರ ದೇವರೇ ಗತಿ. ವಿಷಯದ ಸಾಲನ್ನು ಬದಲಾಯಿಸಬೇಡಿ, ಅವರು ಹಾಕಿದ್ದೇ ಇರಲಿ. ನಿಮ್ಮ ಉತ್ತರ ಅವರ ಕಾಗದದ ಕೆಳಗೇ ಹೋಗಿ ಸೇರುತ್ತದೆ, ತಮ್ಮನಿಗೆ ಲೆಕ್ಕ ಮಾಡುವಾಗ ಹುಡುಕಬೇಕಾಗಿಲ್ಲ.

ಯಾವಾಗ ಕಳಿಸಬೇಕು? ಬಂದ ಐದು ನಿಮಿಷಕ್ಕೆ ಕಳಿಸಿದರೆ ಯೋಚಿಸಲೇ ಇಲ್ಲ ಎಂದಾಗುತ್ತದೆ. ಎರಡು ಮೂರು ದಿನ ಬಿಟ್ಟರೆ ಸರಿ. ನಿಮಗೆ ಮೊನ್ನೆ ಬಂದಿದೆ ಅಂದಿರಿ, ಇವತ್ತು ನಾಳೆಯೊಳಗೆ ಕಳಿಸಿ. ಮುಂದಿನ ವಾರ ಮಾಡುವ ಅಂತ ಇಟ್ಟರೆ ಅದು ಮದುವೆಯ ಮುನ್ನಾದಿನದವರೆಗೂ ಹೋಗುತ್ತದೆ. ಆಗ ಎಷ್ಟು ಚೆಂದ ಬರೆದರೂ ಎಲೆ ಲೆಕ್ಕ ಅಡುಗೆಯವರ ಕೈಗೆ ಹೋಗಿ ಆಗಿರುತ್ತದೆ.

ಕಳಿಸಿದ ಮೇಲೆ ಚಿಕ್ಕಮ್ಮನ ಫೋನ್ ಬರಬಹುದು. "ಒಬ್ಬಳಾದರೂ ಬಾ ಮಗಾ, ಎಷ್ಟು ವರ್ಷ ಆಯ್ತು" ಅನ್ನುತ್ತಾರೆ. ಇಡೀ ಕೆಲಸದಲ್ಲಿ ಕಷ್ಟದ ಜಾಗ ಇದೇ. ಇಲ್ಲಿ ಮನಸ್ಸು ಕರಗಿ "ಆಯ್ತು ಚಿಕ್ಕಮ್ಮ, ನೋಡುವ" ಎಂದರೆ ಪತ್ರ ಬರೆದದ್ದು ವ್ಯರ್ಥ. ಹೊಸ ಕಾರಣವನ್ನೂ ಕೊಡಬೇಡಿ. "ಇಲ್ಲ ಚಿಕ್ಕಮ್ಮ, ಈ ಸಲ ಆಗುದಿಲ್ಲ. ಮದುಮಕ್ಕಳು ಊರಿಗೆ ಯಾವಾಗ ಬರ್ತಾರೆ?" ಎಂದು ಕೇಳಿ. ಅವರು ತಾರೀಕು ಹೇಳಲು ಶುರು ಮಾಡಿದರೆ ಮಾತು ದಾಟಿತು.

ಉಡುಗೊರೆಯ ವಿಷಯವನ್ನು ಆ ಪತ್ರದಲ್ಲಿ ಎತ್ತಬೇಡಿ. ಬಾರದ್ದಕ್ಕೆ ಬೆಲೆ ಕಟ್ಟಿದ ಹಾಗಾಗುತ್ತದೆ. "ಯುಪಿಐ ನಂಬರ್ ಕಳಿಸು" ಎಂದು ತಮ್ಮನಿಗೆ ಬರೆಯುವುದಂತೂ ಬೇಡ. ಕಾಗದದಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿದ್ದರೆ ಅದನ್ನು ನಂಬಿ, ಅಲ್ಲಿಗೆ ಬಿಡಿ. ಇಲ್ಲದಿದ್ದರೆ ಊರಿಂದ ಆ ಮದುವೆಗೆ ಹೋಗುವವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಕೈಯಲ್ಲಿ 501 ರೂಪಾಯಿಯದ್ದೋ 1001 ರೂಪಾಯಿಯದ್ದೋ ಒಂದು ಕವರ್ ಕೊಟ್ಟು ಕಳಿಸಿ. ಕವರಿನ ಮೇಲೆ ನಿಮ್ಮ ಹೆಸರು, ಅಪ್ಪನ ಹೆಸರು, ಉಡುಪಿ ಎಂದು ದೊಡ್ಡದಾಗಿ ಬರೆಯಿರಿ. ಮದುವೆ ಕಳೆದ ಮೇಲೆ ರಾತ್ರಿ ಕೂತು ಕವರ್ ಬಿಚ್ಚಿ ಪುಸ್ತಕದಲ್ಲಿ ಬರೆದುಕೊಳ್ಳುವವರು ಮನೆಯ ಹುಡುಗರು. ಹೆಸರಿಲ್ಲದ ಕವರ್ ಬಂದರೆ ಅವರು ಅದನ್ನು ತಂದುಕೊಟ್ಟವರ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ.